ಎಣ್ಣೆ ನೀರಿಗೂ ಒಂದು ಲೆಕ್ಕವಿದೆ

ನರಕ ಚತುರ್ದಶಿಯ ಬೆಳಗಿನ ಜಾವ, ನಾಲ್ಕೂವರೆ ಗಂಟೆ. ತುಮಕೂರಿನ ನಮ್ಮ ದೊಡ್ಡಮ್ಮನ ಮನೆಯಲ್ಲಿ ಹಿಂದಿನ ಸಂಜೆಯೇ ಹಂಡೆ ಬೆಳಗಿ, ಕೊರಳಿಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ನೀರು ತುಂಬಿ ಆಗಿತ್ತು. ಈಗ ಒಲೆಯಲ್ಲಿ ತೆಂಗಿನ ಮಟ್ಟೆ ಉರಿಯುತ್ತಿದೆ. ನಡುಮನೆಯಲ್ಲಿ ಮಣೆ ಹಾಕಿದೆ. ಮಣೆಯ ಪಕ್ಕದಲ್ಲಿ ಬಿಸಿನೀರಿನ ಪಾತ್ರೆ, ಅದರೊಳಗೆ ಕುಳಿತಿರುವ ಪುಟ್ಟ ಹಿತ್ತಾಳೆ ಬಟ್ಟಲು, ಬಟ್ಟಲಲ್ಲಿ ಎಳ್ಳೆಣ್ಣೆ. ದೊಡ್ಡಮ್ಮ ಕಿರುಬೆರಳು ಅದ್ದಿ ಮಣಿಕಟ್ಟಿನ ಒಳಗಡೆಗೆ ಒಂದು ಹನಿ ಬಿಟ್ಟುಕೊಂಡರು. ಕ್ಷಣ ಕಾದು, "ಸರಿಯಾಗಿದೆ, ಒಬ್ಬೊಬ್ಬರೇ ಬನ್ನಿ" ಎಂದರು.

ಮೊದಲು ಹೋಗಿ ಮಣೆಯ ಮೇಲೆ ಕೂತವನು ನಾನು. ಎರಡು ದಿನದಿಂದ ನೆಗಡಿ, ಕಫ, ಮೈಯೆಲ್ಲ ಭಾರ. ದೊಡ್ಡಮ್ಮ ನನ್ನ ದನಿ ಕೇಳಿದ್ದೇ ತಡ, ಕೈ ಹಿಂದಕ್ಕೆ ತೆಗೆದರು. "ಮೂಗು ಸೋರ್ತಿರೋನಿಗೆ ಎಣ್ಣೆ ಯಾಕೋ? ನೆತ್ತಿಗೆ ಒಂದು ಬೊಟ್ಟು ಇಡ್ತೀನಿ, ಶಾಸ್ತ್ರ ಆಯ್ತು. ಏಳು." ಹಾಗೆ ಒಂದೇ ಹನಿ ಎಣ್ಣೆಯಲ್ಲಿ ನನ್ನ ಅಭ್ಯಂಜನ ಮುಗಿಯಿತು.

ಆಗ ಅದು ಬರೀ ಮುದುಕಿಯ ಹಟ ಅನ್ನಿಸಿತ್ತು. ಆಮೇಲೆ ಓದಿದಾಗ ತಿಳಿಯಿತು, ವಾಗ್ಭಟನ ಅಷ್ಟಾಂಗ ಹೃದಯದ ದಿನಚರ್ಯೆಯ ಅಧ್ಯಾಯವೂ ದೊಡ್ಡಮ್ಮನ ಮಾತನ್ನೇ ಹೇಳುತ್ತದೆ. ಅಭ್ಯಂಗವನ್ನು ಬಾಯ್ತುಂಬ ಹೊಗಳಿ, ಅದರ ಬೆನ್ನಿಗೇ ಯಾರಿಗೆ ಬೇಡ ಎಂದೂ ಹೇಳಿಬಿಡುತ್ತದೆ: ಕಫ ಕಟ್ಟಿದವರಿಗೆ, ವಾಂತಿ ಭೇದಿಯಂಥ ಶೋಧನೆ ಮಾಡಿಸಿಕೊಂಡವರಿಗೆ, ಅಜೀರ್ಣವಾದವರಿಗೆ. ಎಣ್ಣೆ ನೀರಿನ ವಿಷಯದಲ್ಲಿ ನಾವು ಹೊಗಳಿಕೆಯನ್ನು ನೆನಪಿಟ್ಟುಕೊಂಡಿದ್ದೇವೆ, ಆ ಮೂರು ಹೆಸರನ್ನು ಮರೆತಿದ್ದೇವೆ.

ಎಣ್ಣೆ ಎಲ್ಲಿಯವರೆಗೆ ಇಳಿಯುತ್ತದೆ?

ಹಚ್ಚಿದ ಎಣ್ಣೆ ಮೂಳೆಯವರೆಗೂ ಇಳಿಯುತ್ತದೆ ಎಂದು ಎಷ್ಟೋ ಜನ ನಂಬಿದ್ದಾರೆ. ಹಳೆಯ ವೈದ್ಯ ವ್ಯಾಖ್ಯಾನಗಳಲ್ಲಿ ಎಣ್ಣೆ ಇಷ್ಟು ಹೊತ್ತಿಗೆ ಕೂದಲ ಬುಡಕ್ಕೆ, ಇನ್ನಿಷ್ಟು ಹೊತ್ತಿಗೆ ಚರ್ಮಕ್ಕೆ, ಕೊನೆಗೆ ಮಜ್ಜೆಗೆ ಎಂಬ ಲೆಕ್ಕವೂ ಸಿಗುತ್ತದೆ. ಇಂದಿನ ಚರ್ಮಶಾಸ್ತ್ರ ಕಂಡುಕೊಂಡಿರುವುದು ಬೇರೆ. ಅಡುಗೆಮನೆಯ ಎಣ್ಣೆಗಳು ಬಹುಪಾಲು ಚರ್ಮದ ತೀರ ಮೇಲಿನ ಪದರದಲ್ಲೇ ಉಳಿಯುತ್ತವೆ.

ಆದರೆ ಅಲ್ಲೇ ಅವುಗಳಿಗೆ ಕೆಲಸವಿದೆ. ಆ ಮೇಲ್ಪದರ ಇಟ್ಟಿಗೆ ಗೋಡೆಯ ಹಾಗೆ. ಸತ್ತ ಕೋಶಗಳೇ ಇಟ್ಟಿಗೆ, ನಡುವಿನ ಜಿಡ್ಡೇ ಗಾರೆ. ಚಳಿಗಾಲದ ಒಣ ಗಾಳಿ, ಸಾಬೂನು, ಸುಡುವ ನೀರು ಈ ಗಾರೆಯನ್ನು ಕರಗಿಸುತ್ತವೆ. ಒಳಗಿನ ತೇವ ಆವಿಯಾಗಿ ಹೋಗುತ್ತದೆ, ಕಾಲು ಬಿಳಿಚಿಕೊಳ್ಳುತ್ತದೆ, ಉಗುರಿನಲ್ಲಿ ಗೀರಿದರೆ ಗೆರೆ ಮೂಡುತ್ತದೆ. ಸ್ನಾನಕ್ಕೆ ಮುಂಚೆ ಹಚ್ಚಿದ ಎಣ್ಣೆ ಆ ಬಿರುಕುಗಳನ್ನು ತುಂಬಿ, ಸಾಬೂನು ಮತ್ತು ಬಿಸಿನೀರಿನ ಏಟನ್ನು ತಾನು ತಡೆಯುತ್ತದೆ. ಮಿಕ್ಕ ಹಿತವೆಲ್ಲ ಕೈಯದು. ತಿಕ್ಕುವಾಗ ಸ್ನಾಯು ಸಡಿಲವಾಗುತ್ತದೆ, ಬೆಚ್ಚಗಾದ ಚರ್ಮಕ್ಕೆ ರಕ್ತ ಹರಿಯುತ್ತದೆ, ಸ್ನಾನವಾದ ಮೇಲೆ ಕಣ್ಣು ಎಳೆಯುತ್ತದೆ.

ಕೂದಲಿನ ವಿಷಯದಲ್ಲಿ ಮಾತ್ರ ಒಂದು ಎಣ್ಣೆ ಉಳಿದವಕ್ಕಿಂತ ಮುಂದೆ ನಿಲ್ಲುತ್ತದೆ. 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧಕರ ಅಧ್ಯಯನವೊಂದು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲವನ್ನು ಹೋಲಿಸಿತ್ತು. ತೊಳೆಯುವಾಗ ಕೂದಲು ಕಳೆದುಕೊಳ್ಳುವ ಪ್ರೋಟೀನನ್ನು ಗಮನಾರ್ಹವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆಯೊಂದೇ. ಅದರಲ್ಲಿ ಹೆಚ್ಚಾಗಿರುವ ಲಾರಿಕ್ ಆಮ್ಲದ ಕಣ ಚಿಕ್ಕದು, ನೇರವಾದದ್ದು. ಹಾಗಾಗಿ ಕೂದಲ ಎಳೆಯೊಳಗೆ ಸೇರಿಕೊಳ್ಳುತ್ತದೆ. ಕೂದಲು ನೀರಿನಲ್ಲಿ ಉಬ್ಬಿ, ಒಣಗುವಾಗ ಕುಗ್ಗಿ ಸವೆಯುವುದನ್ನು ಅದು ತಡೆಯುತ್ತದೆ. ತಲೆಗೆ ಸ್ನಾನಕ್ಕೆ ಮೊದಲೇ ಎಣ್ಣೆ ಹಚ್ಚುವ ರೂಢಿಯಲ್ಲಿ ಈ ಮಟ್ಟಿಗೆ ಅರ್ಥವಿದೆ.

ಯಾವ ಕಾಲಕ್ಕೆ ಯಾವ ಎಣ್ಣೆ

ಮಾಗಿಯ ಚಳಿಗೆ ಎಳ್ಳೆಣ್ಣೆ. ಆಯುರ್ವೇದದಲ್ಲಿ ತೈಲ ಎಂಬ ಮಾತೇ ತಿಲದಿಂದ, ಅಂದರೆ ಎಳ್ಳಿನಿಂದ ಬಂದದ್ದು. ಅದನ್ನು ಉಷ್ಣಗುಣದ್ದು, ವಾತ ಕಳೆಯುವಂಥದ್ದು ಎನ್ನುತ್ತಾರೆ. ವೈದ್ಯಭಾಷೆ ಬಿಟ್ಟು ನೋಡಿದರೂ, ದಪ್ಪವೂ ಅಲ್ಲದ ತೆಳುವೂ ಅಲ್ಲದ ಈ ಎಣ್ಣೆ ಕೈಗೆ ಚೆನ್ನಾಗಿ ಜಾರುತ್ತದೆ, ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲೂ ಹೆಪ್ಪುಗಟ್ಟುವುದಿಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗಿಬಿಡುತ್ತದೆ. ಕಾಯಿಸಿ ಕರಗಿಸಿದರೂ ತಣ್ಣಗಿನ ಬೆನ್ನಿನ ಮೇಲೆ ಮಂದವಾಗುತ್ತದೆ.

ಬೇಸಿಗೆಗೆ ಅದೇ ಕೊಬ್ಬರಿ ಎಣ್ಣೆ ಹಿತ. ಹಗುರ, ತಂಪು ಎಂದು ಹೆಸರಾದದ್ದು. ಕರಾವಳಿಯವರು ವರ್ಷವಿಡೀ ಅದನ್ನೇ ಬಳಸುವುದಕ್ಕೆ ತೆಂಗು ಹಿತ್ತಲಲ್ಲೇ ಇರುವುದು ಒಂದು ಕಾರಣವಾದರೆ, ಅಲ್ಲಿ ಚಳಿಗಾಲವೂ ಅಷ್ಟು ಚಳಿಯಲ್ಲದಿರುವುದು ಇನ್ನೊಂದು. ಬೇಸಿಗೆಯಲ್ಲಿ ಎಣ್ಣೆಯನ್ನು ಕಾಯಿಸುವ ಅಗತ್ಯವೇ ಇಲ್ಲ. ಕಡಿಮೆ ಹಚ್ಚಿ, ಹದಿನೈದು ನಿಮಿಷಕ್ಕೇ ನೀರು ಹಾಕಿಕೊಳ್ಳಬೇಕು. ಬೆವರಿನ ಜೊತೆ ಎಣ್ಣೆ ಸೇರಿ ಹೊತ್ತು ಕಳೆದರೆ ಬೆವರುಸಾಲೆ ಏಳುತ್ತದೆ.

ಮಳೆಗಾಲ ತುಸು ಕಷ್ಟದ ಕಾಲ. ಮೈ ಕೈ ನೋವು ಜಾಸ್ತಿ, ಎಣ್ಣೆ ಬೇಕೆನಿಸುತ್ತದೆ. ಆದರೆ ಗಾಳಿಯಲ್ಲಿ ತೇವ ತುಂಬಿರುವುದರಿಂದ ಚರ್ಮ ಒಣಗುವುದಿಲ್ಲ. ಎಣ್ಣೆಯ ಪಸೆ ತೊಡೆಯ ಸಂದಿಯಲ್ಲಿ, ಕಾಲ್ಬೆರಳ ನಡುವೆ ಉಳಿದರೆ ಹುಳುಕಡ್ಡಿಗೆ ಕರೆದು ಮಣೆ ಹಾಕಿದ ಹಾಗೆ. ಈ ಕಾಲದಲ್ಲಿ ಬೆಚ್ಚಗಿನ ಎಳ್ಳೆಣ್ಣೆಯನ್ನು ಕೀಲುಗಳಿಗೂ ಬೆನ್ನಿಗೂ ಮಾತ್ರ ಹಚ್ಚಿ, ಸಂದುಗಳನ್ನು ಬಿಟ್ಟು, ಸ್ನಾನದ ನಂತರ ಒಣ ಬಟ್ಟೆಯಲ್ಲಿ ಒತ್ತಿ ಒರೆಸಿಕೊಂಡರೆ ಸಾಕು.

ಶಿವರಾತ್ರಿ ಕಳೆದ ಮೇಲಿನ ವಸಂತವನ್ನು ಆಯುರ್ವೇದ ಕಫ ಕರಗಿ ಕೆರಳುವ ಕಾಲ ಎನ್ನುತ್ತದೆ. ಆಗ ಅದು ಸೂಚಿಸುವುದು ಉದ್ವರ್ತನ, ಅಂದರೆ ಮೈಗೆ ಒಣ ಹಿಟ್ಟು ಉಜ್ಜುವುದು. ನಮ್ಮ ಮನೆಗಳಲ್ಲಿ ಕಡಲೆಹಿಟ್ಟು ಹಚ್ಚಿ ಎಣ್ಣೆ ತೆಗೆಯುತ್ತೇವಲ್ಲ, ಅದರ ಅಣ್ಣನೋ ತಮ್ಮನೋ ಇದು. ಯುಗಾದಿಯ ಎಣ್ಣೆ ನೀರಿನಲ್ಲಿ ಎಣ್ಣೆ ಕಡಿಮೆ ಮಾಡಿ ಹಿಟ್ಟಿನ ಕೈ ಮುಂದೆ ಮಾಡಿದರೆ ಕಾಲಕ್ಕೆ ಒಪ್ಪುತ್ತದೆ.

ಹರಳೆಣ್ಣೆಯ ಬಗ್ಗೆ ಒಂದು ಮಾತು. ಜನರ ಬಾಯಲ್ಲಿ ಅದು ತಂಪು. ಕಣ್ಣುರಿ ಎಂದರೆ ನೆತ್ತಿಗೆ ಹರಳೆಣ್ಣೆ ಒತ್ತುತ್ತಾರೆ. ಆಯುರ್ವೇದದ ಪುಸ್ತಕದಲ್ಲಿ ಅದು ಉಷ್ಣ. ಈ ಜಗಳಕ್ಕೆ ನಾವು ಪಂಚಾಯಿತಿ ಮಾಡಬೇಕಿಲ್ಲ. ನಮಗೆ ಬೇಕಾದ ಸಂಗತಿಯೆಂದರೆ ಅದು ಬಹಳ ಅಂಟು. ಒಂಟಿಯಾಗಿ ಮೈಗೆಲ್ಲ ಹಚ್ಚಿದರೆ ತಿಕ್ಕಲು ಕೈ ಓಡುವುದಿಲ್ಲ, ತೊಳೆಯಲು ಸೀಗೆಪುಡಿ ಸಾಲುವುದಿಲ್ಲ. ಮೂರು ಪಾಲು ಕೊಬ್ಬರಿ ಎಣ್ಣೆಗೆ ಒಂದು ಪಾಲು ಹರಳೆಣ್ಣೆ ಬೆರೆಸಿದರೆ ತಲೆಗೆ ಸರಿಹೋಗುತ್ತದೆ.

ಅಂಗಡಿಯಲ್ಲಿ ಕೊಳ್ಳುವಾಗ ಸೀಸೆಯ ಮೇಲಿನ ಎಳ್ಳಿನ ಚಿತ್ರ ನೋಡಿ ಮೋಸಹೋಗಬೇಡಿ. ಕಡಿಮೆ ಬೆಲೆಗೆ ಸಿಗುವ ದೀಪದ ಎಣ್ಣೆ ಎಷ್ಟೋ ಸಲ ಬೇರೆ ಬೇರೆ ಎಣ್ಣೆಗಳ ಮಿಶ್ರಣ, ಮೇಲೆ ಸುಗಂಧ. ತಿನ್ನಲು ಯೋಗ್ಯವಲ್ಲ ಎಂದು ಅದರ ಮೇಲೇ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಒಗ್ಗರಣೆಗೆ ಹಾಕಲಾಗದ ಎಣ್ಣೆಯನ್ನು ಮೈಗೂ ಹಚ್ಚಬೇಡಿ ಎಂಬುದು ಸುಲಭದ ಸೂತ್ರ.

ಯಾವ ಮೈಗೆ ಯಾವ ಎಣ್ಣೆ

ವಾತ, ಪಿತ್ತ, ಕಫ ಎಂಬ ಮೂರು ಪ್ರಕೃತಿಗಳ ವಿಂಗಡಣೆ ಆಯುರ್ವೇದದ್ದು. ಪ್ರಯೋಗಾಲಯದಲ್ಲಿ ಅಳೆಯುವ ವಸ್ತುವಲ್ಲ ಅದು. ಆದರೆ ಎಣ್ಣೆ ಆಯ್ಕೆಗೆ ಆ ಮೂರು ಹೆಸರುಗಳು ಒಣ ಚರ್ಮ, ಸೂಕ್ಷ್ಮ ಚರ್ಮ, ಜಿಡ್ಡು ಚರ್ಮ ಎಂಬುದಕ್ಕೆ ಹೆಚ್ಚುಕಡಿಮೆ ಹೊಂದುತ್ತವೆ. ಅದೇ ಹಬ್ಬದ ದಿನ ದೊಡ್ಡಮ್ಮನ ಮನೆಯಲ್ಲಿ ಏನಾಯಿತು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ.

ದೊಡ್ಡಪ್ಪನಿಗೆ ಎಪ್ಪತ್ತು ದಾಟಿತ್ತು. ಸಣಕಲು ದೇಹ, ಕಟಕಟ ಎನ್ನುವ ಮಂಡಿ, ಹಿಮ್ಮಡಿ ಬಿರುಕು, ಸರಿಯಾಗಿ ಬಾರದ ನಿದ್ದೆ. ವೈದ್ಯರು ನೋಡಿದರೆ ವಾತ ಪ್ರಕೃತಿ ಎನ್ನುತ್ತಿದ್ದರು. ಅವರಿಗೆ ಬೆಚ್ಚಗಿನ ಎಳ್ಳೆಣ್ಣೆ ಧಾರಾಳವಾಗಿ, ನಿಧಾನವಾಗಿ. ಎಣ್ಣೆ ನೀರಿನಿಂದ ಹೆಚ್ಚು ಲಾಭ ಕಾಣುವ ಮೈ ಇದು. ಆದರೆ ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆಯೂ ಇತ್ತು, ಪಾದ ಜೋಮು ಹಿಡಿದಿತ್ತು. ಬಿಸಿ ಎಷ್ಟೆಂದು ಆ ಪಾದಕ್ಕೆ ತಿಳಿಯದು. ಅದಕ್ಕೇ ಅವರ ಕಾಲಿಗೆ ಎಣ್ಣೆ ಹಚ್ಚುವ ಮೊದಲು, ನೀರು ಹಾಕುವ ಮೊದಲು, ಬಿಸಿ ನೋಡುವ ಕೈ ಬೇರೆಯವರದೇ ಆಗಿರಬೇಕಿತ್ತು. ಬೆರಳ ಸಂದಿಗೆ ಎಣ್ಣೆ ಬಿಡದೆ, ಪಾದದಲ್ಲಿ ಗಾಯವಿಲ್ಲವೆಂದು ನೋಡಿಕೊಂಡೇ ಮುಂದುವರಿಯಬೇಕಿತ್ತು.

ಅತ್ತಿಗೆಗೆ ಬಿಸಿಲೆಂದರೆ ಆಗದು. ಬೇಗ ಬೆವರುತ್ತಾರೆ, ಚರ್ಮ ಬೇಗ ಕೆಂಪಾಗುತ್ತದೆ, ತಿಂಗಳಿಗೆರಡು ಬಾರಿ ಅರೆತಲೆ ನೋವು. ಇದು ಪಿತ್ತದ ಮೈ. ಅವರಿಗೆ ದೊಡ್ಡಮ್ಮ ಎಳ್ಳೆಣ್ಣೆ ಬಟ್ಟಲನ್ನು ಬದಿಗಿಟ್ಟು ಕೊಬ್ಬರಿ ಎಣ್ಣೆ ತಂದರು, ಕಾಯಿಸಲೂ ಇಲ್ಲ. ಇಂಥ ಚರ್ಮದವರು ಯಾವುದೇ ಹೊಸ ಎಣ್ಣೆಯನ್ನು ಮೊದಲು ಮೊಣಕೈ ಮಡಿಕೆಯ ಒಳಗೆ ಹಚ್ಚಿ ಒಂದು ದಿನ ಕಾಯುವುದು ಒಳ್ಳೆಯದು. ಕೆಂಪಗಾದರೆ, ನವೆಯಾದರೆ ಆ ಎಣ್ಣೆ ಅವರದಲ್ಲ. ಎಳ್ಳಿನ ಅಲರ್ಜಿ ಇರುವವರೂ ಇದ್ದಾರೆ. ಚಟ್ನಿಪುಡಿಯ ಎಳ್ಳು ಆಗದವರಿಗೆ ಎಳ್ಳೆಣ್ಣೆಯೂ ಬೇಡ.

ಮೂರನೆಯವನು ನಾನು. ದಪ್ಪ ಮೈ, ಜಿಡ್ಡು ಮುಖ, ಚಳಿ ಬಿದ್ದರೆ ಮೂಗು ಕಟ್ಟುವುದು, ಮೇಲೆ ತಲೆಹೊಟ್ಟು. ಕಫದ ಮೈಗೆ ಎಣ್ಣೆ ಕಡಿಮೆ, ತಿಕ್ಕು ಜಾಸ್ತಿ, ಹಿಟ್ಟು ಜಾಸ್ತಿ. ತಲೆಹೊಟ್ಟಿಗೆ ಎಣ್ಣೆ ಮದ್ದು ಎಂದು ನಾನು ವರ್ಷಗಟ್ಟಲೆ ನಂಬಿದ್ದೆ. ನಿಜದಲ್ಲಿ ತಲೆಹೊಟ್ಟಿಗೆ ಕಾರಣವಾಗುವ ಮಲಸೇಜಿಯಾ ಎಂಬ ಯೀಸ್ಟ್ ಕೊಬ್ಬನ್ನು ತಿಂದೇ ಬೆಳೆಯುತ್ತದೆ. ಎಣ್ಣೆ ಹಚ್ಚಿದ ದಿನ ಹೊಟ್ಟು ಅಂಟಿಕೊಂಡು ಕಾಣದಾಗುತ್ತದೆ, ಮೂರನೇ ದಿನ ದುಪ್ಪಟ್ಟಾಗಿ ಉದುರುತ್ತದೆ. ಮೊಡವೆ ಇರುವ ಹದಿಹರೆಯದವರೂ ಹಣೆಗೆ, ಬೆನ್ನಿಗೆ ಎಣ್ಣೆ ಇಳಿಯದಂತೆ ನೋಡಿಕೊಳ್ಳಬೇಕು.

ಹಚ್ಚುವ ಬಗೆ

ದೊಡ್ಡಪ್ಪನಿಗೆ ಹಚ್ಚಿದ ಕ್ರಮವನ್ನೇ ಹೇಳುತ್ತೇನೆ. ಬೆಳಗ್ಗೆ, ಬರಿ ಹೊಟ್ಟೆ. ಆದರೆ ಸಕ್ಕರೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಬರಿ ಹೊಟ್ಟೆಯಲ್ಲಿ ಗಂಟೆಗಟ್ಟಲೆ ಇರಬಾರದು ಎಂದು ಮೊದಲೇ ಅರ್ಧ ಲೋಟ ಹಾಲು, ಎರಡು ಬಿಸ್ಕತ್ತು ಆಗಿತ್ತು. ಊಟ ಮಾಡಿದ್ದರೆ ಎರಡು ಗಂಟೆಯಾದರೂ ಕಾಯಬೇಕು.

ಇಡೀ ಮೈಗೆ ಒಬ್ಬರಿಗೆ ಐವತ್ತು ಮಿಲಿಲೀಟರು ಎಣ್ಣೆ ಸಾಕು. ಕಾಫಿ ಲೋಟದ ಮೂರನೇ ಒಂದು ಭಾಗ ಎನ್ನಿ. ಅದನ್ನು ಒಲೆಯ ಮೇಲಿಟ್ಟು ಕಾಯಿಸಬಾರದು. ಬಾಣಲೆಯಲ್ಲಿ ಕಾದ ಎಣ್ಣೆ ಹೊಗೆಯಾಡದೆಯೇ ಮೈ ಸುಡುವಷ್ಟು ಬಿಸಿಯಾಗಿರುತ್ತದೆ, ನೋಡಿದರೆ ತಿಳಿಯುವುದಿಲ್ಲ. ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲು ಇಟ್ಟು ಐದು ನಿಮಿಷ ಬಿಟ್ಟರೆ ಹದವಾಗುತ್ತದೆ. ಮಣಿಕಟ್ಟಿಗೆ ಬಿಟ್ಟ ಹನಿ ಹಿತವಾಗಿ ಬೆಚ್ಚಗಿರಬೇಕು, ಸುರ್ ಎನ್ನಬಾರದು.

ಮೊದಲು ನೆತ್ತಿಗೆ ಎರಡು ಚಮಚ, ಅಂಗೈಯಿಂದ ತಟ್ಟುತ್ತಾ. ಆಮೇಲೆ ಕುತ್ತಿಗೆ, ಹೆಗಲು. ತೋಳು ತೊಡೆಗಳಂಥ ಉದ್ದ ಭಾಗಕ್ಕೆ ಉದ್ದುದ್ದ ಕೈ, ಮಂಡಿ ಮೊಣಕೈ ಹೆಗಲುಗಳಿಗೆ ಸುತ್ತು ಕೈ. ಹೊಟ್ಟೆಯ ಮೇಲೆ ಒತ್ತದೆ ಹಗುರವಾಗಿ. ವಾಗ್ಭಟ ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಹಚ್ಚಬೇಕೆಂದಿದ್ದಾನೆ. ಪಾದವನ್ನು ಚೆನ್ನಾಗಿ ತಿಕ್ಕಿ, ಏಳುವ ಮೊದಲು ಅಂಗಾಲನ್ನು ಹಳೆ ಪಂಚೆಯ ತುಂಡಿನಿಂದ ಒರೆಸಿಬಿಡಬೇಕು. ಕಿವಿಯ ಹೊರಗೆ ಹಚ್ಚಿದರೆ ಸಾಕು. ತಮಟೆ ತೂತಾಗಿರುವ ಕಿವಿಗೆ, ಸೋರುವ ಕಿವಿಗೆ ಎಣ್ಣೆ ಬಿಟ್ಟರೆ ಸೋಂಕು ಒಳಗಿಳಿಯುತ್ತದೆ.

ಇಪ್ಪತ್ತರಿಂದ ಮೂವತ್ತು ನಿಮಿಷ ಕೂತರೆ ಆಯಿತು. ಗಂಟೆಗಟ್ಟಲೆ ನೆನೆದರೆ ಲಾಭ ಹೆಚ್ಚುವುದಿಲ್ಲ, ಚಳಿ ಹತ್ತುತ್ತದೆ. ಎಣ್ಣೆ ತೆಗೆಯಲು ತಲೆಗೆ ಸೀಗೆಪುಡಿ, ಮೈಗೆ ಕಡಲೆಹಿಟ್ಟು. ಮಲೆನಾಡಿನ ಕಡೆ ದಾಸವಾಳದ ಸೊಪ್ಪಿನ ಲೋಳೆಯನ್ನೋ ಮತ್ತಿ ಗೊಂಪನ್ನೋ ಹಚ್ಚುತ್ತಾರೆ, ಬಯಲುಸೀಮೆಯ ಕೆಲವೆಡೆ ಚಿಗರೆಪುಡಿ. ಹಿಟ್ಟು ಎಣ್ಣೆಯನ್ನು ಹೀರಿಕೊಂಡು ತೆಳ್ಳನೆಯ ಪಸೆಯೊಂದನ್ನು ಬಿಡುತ್ತದೆ. ಸಾಬೂನು ಅದನ್ನೂ ಕಿತ್ತೊಯ್ಯುತ್ತದೆ. ಒರೆಸಿಕೊಂಡ ಮೇಲೆ ಅಂಗೈಗೆ ನುಣುಪು ತಾಕಬೇಕು, ಬಟ್ಟೆಗೆ ಕಲೆ ಹತ್ತಬಾರದು. ಅದೇ ಹದ. ಮರುದಿನ ಕೂದಲ ಬುಡದಲ್ಲಿ ಸಣ್ಣ ಕೆಂಪು ಗುಳ್ಳೆ ಎದ್ದರೆ ಎಣ್ಣೆ ಸರಿಯಾಗಿ ಹೋಗಿಲ್ಲ ಎಂದು ತಿಳಿಯಬೇಕು.

ಅಪಾಯ ಎಣ್ಣೆಯಲ್ಲಲ್ಲ, ನೀರಿನಲ್ಲಿ

ಎಣ್ಣೆ ನೀರು ಎಂಬ ಜೋಡಿಪದದಲ್ಲಿ ನಮ್ಮ ಗಮನವೆಲ್ಲ ಎಣ್ಣೆಯ ಮೇಲೆ. ಆದರೆ ಈ ಸ್ನಾನದಲ್ಲಿ ಎಡವಟ್ಟಾದಾಗ ಬಹುತೇಕ ಸಲ ತಪ್ಪು ನೀರಿನದು.

ಜಿಡ್ಡು ಹೋಗಲಿ ಎಂದು ಆ ದಿನ ಎಲ್ಲರೂ ನೀರನ್ನು ಎಂದಿಗಿಂತ ಬಿಸಿ ಮಾಡುತ್ತಾರೆ. ಹಂಡೆಯ ನೀರು 60 ಡಿಗ್ರಿ ದಾಟುವುದು ಕಷ್ಟವಲ್ಲ, ಅಷ್ಟು ಬಿಸಿ ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಬಕೆಟ್ಟಿಗೆ ಯಾವಾಗಲೂ ಮೊದಲು ತಣ್ಣೀರು, ಆಮೇಲೆ ಬಿಸಿನೀರು. 60 ಡಿಗ್ರಿಯ ನೀರಿಗೆ ಅಷ್ಟೇ ಪ್ರಮಾಣದ 20 ಡಿಗ್ರಿಯ ತಣ್ಣೀರು ಬೆರೆಸಿದರೆ 40 ಡಿಗ್ರಿ, ಮೈಗೆ ಅದೇ ಮೇಲ್ಮಿತಿ. ತಲೆಗೆ ಇನ್ನೂ ಕಡಿಮೆ, ಉಗುರು ಬೆಚ್ಚಗೆ ಮಾತ್ರ. ಕತ್ತಿನ ಕೆಳಗೆ ಸುರಿದ ಬಿಸಿನೀರು ಬಲ ಕೊಡುತ್ತದೆ, ತಲೆಗೆ ಸುರಿದರೆ ಕೂದಲಿಗೂ ಕಣ್ಣಿಗೂ ಕೆಡುಕು ಎಂಬುದು ಅಷ್ಟಾಂಗ ಹೃದಯದ ಎಚ್ಚರಿಕೆ.

ಆ ಎಚ್ಚರಿಕೆಗೆ ಕರ್ನಾಟಕದಲ್ಲಿ ಇನ್ನೊಂದು ಗಟ್ಟಿ ಕಾರಣವಿದೆ. ತಲೆಗೆ ಬಿಸಿನೀರು ಸುರಿದಾಗ ಮಾತ್ರ ಬರುವ ಒಂದು ಬಗೆಯ ಮೂರ್ಛೆ ರೋಗವುಂಟು. ವೈದ್ಯರು ಅದನ್ನು ಬಿಸಿನೀರಿನ ಅಪಸ್ಮಾರ ಎನ್ನುತ್ತಾರೆ. ಜಗತ್ತಿನಲ್ಲಿ ಬಲು ಅಪರೂಪವಾದ ಈ ತೊಂದರೆ ದಕ್ಷಿಣ ಭಾರತದಲ್ಲಿ, ಅದರಲ್ಲೂ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ಕಾಣಿಸಿಕೊಂಡಿದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ನೂರಾರು ರೋಗಿಗಳನ್ನು ಅಧ್ಯಯನ ಮಾಡಿದ್ದಾರೆ. ಸಾಮಾನ್ಯವಾಗಿ 40ರಿಂದ 50 ಡಿಗ್ರಿಯ ನೀರನ್ನು ಚೊಂಬು ಚೊಂಬಾಗಿ ಒಂದೇ ಸಮನೆ ತಲೆಗೆ ಸುರಿಯುವುದೇ ಇದನ್ನು ಕೆರಳಿಸುತ್ತದೆ. ಹುಡುಗರಲ್ಲಿ, ಗಂಡಸರಲ್ಲಿ ಹೆಚ್ಚು. ನೀರು ಬೀಳುತ್ತಿದ್ದಂತೆ ಕಣ್ಣು ಮಂಜಾಗಿ, ಅರ್ಥವಿಲ್ಲದ ಮಾತು ಬರುತ್ತದೆ. ಕೆಲವರು ಮತ್ತೆ ಮತ್ತೆ ಬಿಸಿನೀರು ಸುರಿದುಕೊಳ್ಳುತ್ತಲೇ ಇರುತ್ತಾರೆ, ಆಮೇಲೆ ಪ್ರಜ್ಞೆ ತಪ್ಪುತ್ತದೆ. ಮನೆಯವರು ಗಾಳಿ ಹಿಡಿಯಿತು, ಎಣ್ಣೆ ನೆತ್ತಿಗೇರಿತು ಎಂದುಕೊಳ್ಳುತ್ತಾರೆ.

ಇದಕ್ಕೆ ಪರಿಹಾರ ಸರಳ. ನೀರಿನ ಬಿಸಿ ತಗ್ಗಿಸುವುದು, ತಲೆಗೆ ಸುರಿಯುವ ಬದಲು ಒದ್ದೆ ಬಟ್ಟೆಯಿಂದ ಒರೆಸುವುದು. ಅಷ್ಟರಿಂದ ನಿಲ್ಲದಿದ್ದರೆ ತಲೆಸ್ನಾನಕ್ಕೆ ಒಂದು ಒಂದೂವರೆ ಗಂಟೆ ಮುಂಚೆ ನುಂಗುವ ಮಾತ್ರೆಯನ್ನು ನರರೋಗ ವೈದ್ಯರು ಬರೆದುಕೊಡುತ್ತಾರೆ. ಮನೆಯಲ್ಲಿ ಯಾರಿಗಾದರೂ ತಲೆಸ್ನಾನದ ದಿನವೇ ಎರಡು ಸಲ ಹೀಗಾಗಿದ್ದರೆ ವೈದ್ಯರಲ್ಲಿಗೆ ಹೋಗುವುದನ್ನು ಮುಂದೂಡಬಾರದು, ಬಚ್ಚಲಿನ ಚಿಲಕ ಹಾಕಿಕೊಳ್ಳಲು ಬಿಡಬಾರದು.

ಬಿಸಿನೀರು ಇನ್ನೊಂದು ಕೆಲಸ ಮಾಡುತ್ತದೆ. ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ರಕ್ತದೊತ್ತಡ ಇಳಿಸುತ್ತದೆ. ಎಣ್ಣೆ ನೀರಾದ ಮೇಲೆ ಹೊದ್ದು ಮಲಗಬೇಕೆಂಬ ಹಿರಿಯರ ನಿಯಮ ಇದಕ್ಕೇ ಹೊಂದುತ್ತದೆ. ಬಿಪಿ ಮಾತ್ರೆ ನುಂಗುವವರು ಮಣೆಯಿಂದ ಥಟ್ಟನೆ ಎದ್ದರೆ ಕಣ್ಣು ಕತ್ತಲೆಯಾಗುತ್ತದೆ. ಕಾಲಡಿ ಎಣ್ಣೆ ಬಿದ್ದ ನೆಲ. ವಯಸ್ಸಾದವರ ಸೊಂಟ ಮುರಿಯಲು ಇಷ್ಟು ಸಾಕು. ಹೋಗಿ ಬರುವ ದಾರಿಗೆ ಗೋಣಿತಾಟು ಹಾಸಿ, ಬಚ್ಚಲಲ್ಲಿ ಸ್ಟೂಲ್ ಇಡಿ.

ಹಂಡೆಯ ಜಾಗದಲ್ಲಿ ಗ್ಯಾಸ್ ಗೀಸರ್ ಬಂದಿರುವ ಮನೆಗಳಲ್ಲಿ ಎಣ್ಣೆ ನೀರಿನ ದಿನ ಗೀಸರ್ ಬಹಳ ಹೊತ್ತು ಉರಿಯುತ್ತದೆ. ಕಿಟಕಿ ಮುಚ್ಚಿದ ಪುಟ್ಟ ಬಚ್ಚಲಲ್ಲಿ ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆನೋವು, ತಲೆಸುತ್ತು ಬಂತೆನ್ನುವಷ್ಟರಲ್ಲಿ ಕೈಕಾಲು ಸೋತಿರುತ್ತದೆ. ಗೀಸರ್ ಹೊರಗಿರಲಿ. ಒಳಗಿದ್ದರೆ ಬಕೆಟ್ ತುಂಬಿಸಿ, ಆರಿಸಿ, ಗಾಳಿ ಆಡಿದ ಮೇಲೆ ಸ್ನಾನಕ್ಕೆ ಹೋಗಬೇಕು.

ಯಾರಿಗೆ ಬೇಡ

ಜ್ವರ ಬಂದಿರುವಾಗ, ಕಫ ಕಟ್ಟಿರುವಾಗ, ವಾಂತಿ ಭೇದಿಯಾಗುತ್ತಿರುವಾಗ, ಉಂಡ ಕೂಡಲೇ ಬೇಡ. ಇದು ಆ ದಿನದ ಮಟ್ಟಿಗೆ. ಕಜ್ಜಿ, ಹುಳುಕಡ್ಡಿ, ಕೀವಿನ ಗುಳ್ಳೆ, ಮಾಯದ ಗಾಯ ಇರುವವರು ಅದು ವಾಸಿಯಾಗುವವರೆಗೆ ಬಿಡಬೇಕು. ತಿಕ್ಕುವ ಕೈ ಸೋಂಕನ್ನು ಮೈತುಂಬ ಹರಡುತ್ತದೆ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಒಂದು ಕಾಲು ಮಾತ್ರ ಊದಿಕೊಂಡಿರುವಾಗ. ದೂರದ ಪ್ರಯಾಣ, ಶಸ್ತ್ರಚಿಕಿತ್ಸೆ, ಹೆರಿಗೆ, ತಿಂಗಳುಗಟ್ಟಲೆ ಹಾಸಿಗೆ ಹಿಡಿದ ನಂತರ ಒಂದು ಕಡೆಯ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಉಳುಕಿರಬೇಕೆಂದು ಎಣ್ಣೆ ಹಾಕಿ ನೀವಿದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು, ಜೀವಕ್ಕೇ ಕುತ್ತು. ಆ ಕಾಲನ್ನು ಮುಟ್ಟದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಬಸುರಿಯರಿಗೆ ಕೈಕಾಲಿಗೆ ಹಗುರವಾಗಿ ಹಚ್ಚಬಹುದು. ಹೊಟ್ಟೆಗೆ ಒತ್ತುವುದು, ಸುಡುವ ನೀರು ಎರಡೂ ಕೂಡದು. ಸಿಸೇರಿಯನ್ ಆದ ಬಾಣಂತಿಗೆ ಹೊಲಿಗೆ ಮಾಯುವ ತನಕ ಹೊಟ್ಟೆಯ ಕಡೆ ಕೈ ಹೋಗಬಾರದು. ವೈದ್ಯರು ಸರಿ ಎಂದ ಮೇಲೆಯೇ ಎಣ್ಣೆ ನೀರು. ಮುಟ್ಟಿನ ದಿನಗಳಲ್ಲಿ ಬೇಡವೆನ್ನುವುದು ಸಂಪ್ರದಾಯ. ವೈದ್ಯಕೀಯವಾಗಿ ಅದಕ್ಕೆ ಅಡ್ಡಿಯಿಲ್ಲ, ಮೈಗೆ ಹಿತವೆನಿಸಿದರೆ ಮಾಡಿಕೊಳ್ಳಬಹುದು.

ಇನ್ನು ಕೂಸುಗಳು. ಎಳೆಯ ಚರ್ಮಕ್ಕೆ ಎಲ್ಲ ಎಣ್ಣೆಯೂ ಒಂದೇ ಅಲ್ಲ. 2005ರಲ್ಲಿ ಪ್ರಕಟವಾದ ಢಾಕಾದ ಆಸ್ಪತ್ರೆಯೊಂದರ ಅಧ್ಯಯನದಲ್ಲಿ, ದಿನ ತುಂಬದೆ ಹುಟ್ಟಿದ ಶಿಶುಗಳಿಗೆ ಸೂರ್ಯಕಾಂತಿ ಎಣ್ಣೆಯನ್ನು ನವಿರಾಗಿ ಹಚ್ಚಿದಾಗ ಆಸ್ಪತ್ರೆಯಲ್ಲಿ ತಗಲುವ ಸೋಂಕು ಕಡಿಮೆಯಾಗಿತ್ತು. ಸಾಸಿವೆ ಎಣ್ಣೆ ಹಾಗೂ ಆಲಿವ್ ಎಣ್ಣೆ ಚರ್ಮದ ತಡೆಗೋಡೆಯನ್ನು ಕೆಡಿಸುತ್ತವೆ ಎಂದು ಬೇರೆ ಅಧ್ಯಯನಗಳು ತೋರಿಸಿವೆ. ನಮ್ಮ ಕೂಸುಗಳಿಗೆ ಕೊಬ್ಬರಿ ಎಣ್ಣೆಯೋ ಸೂರ್ಯಕಾಂತಿ ಎಣ್ಣೆಯೋ ಸಾಕು. ಆದರೆ ತೂಕ ಕಡಿಮೆ ಇರುವ, ದಿನ ತುಂಬದ ಕೂಸನ್ನು ಮನೆಯಲ್ಲಿ ಎರೆಯುವ ಮೊದಲು ಮಕ್ಕಳ ವೈದ್ಯರನ್ನು ಕೇಳಲೇಬೇಕು. ಅಂಥ ಮೈ ಬೇಗ ತಣ್ಣಗಾಗುತ್ತದೆ.

ಕೂಸಿಗೆ ಎರೆಯುವವರು ಎರಡು ಹಳೆ ರೂಢಿಗಳನ್ನು ಬಿಟ್ಟುಬಿಡಬೇಕು. ಒಂದು, ಮೂಗಿಗೆ ಎಣ್ಣೆ ಬಿಡುವುದು. ಆ ಹನಿ ಶ್ವಾಸಕೋಶಕ್ಕೆ ಇಳಿದರೆ ಬರುವ ನ್ಯುಮೋನಿಯಾ ಸುಲಭವಾಗಿ ವಾಸಿಯಾಗುವಂಥದ್ದಲ್ಲ, ಎಣ್ಣೆಯನ್ನು ಕರಗಿಸಿ ಹೊರಹಾಕುವ ದಾರಿ ಶ್ವಾಸಕೋಶಕ್ಕಿಲ್ಲ. ಎರಡು, ನೆಗಡಿಗೆಂದು ಎಣ್ಣೆಯಲ್ಲಿ ಕರ್ಪೂರ ಕಾಯಿಸಿ ಎದೆಗೆ ತಿಕ್ಕುವುದು. ಕರ್ಪೂರ ಚರ್ಮದ ಮೂಲಕವೂ ಒಳಸೇರಿ ಎಳೆಮಕ್ಕಳಲ್ಲಿ ಫಿಟ್ಸ್ ತರಿಸಬಲ್ಲದು.

ವಾರಕ್ಕೊಂದು ದಿನ ಗೊತ್ತುಮಾಡಿಕೊಳ್ಳಿ, ಕಾಲ ನೋಡಿ ಎಣ್ಣೆ ಬದಲಿಸಿ, ತಲೆಗೆ ಸುರಿಯುವ ಮೊದಲ ಚೊಂಬಿಗೆ ಮುಂಚೆ ನೀರಿನಲ್ಲಿ ಮಣಿಕಟ್ಟು ಅದ್ದಿ ನೋಡಿ. ಬೇಡ ಎಂದು ಮೈ ಹೇಳುವ ದಿನ ಹಬ್ಬವೇ ಬಂದರೂ ಒತ್ತಾಯ ಬೇಡ. ಅಂಥ ದಿನಕ್ಕೆ ನೆತ್ತಿಯ ಮೇಲಿನ ಒಂದು ಬೊಟ್ಟೇ ಸಾಕು.